ಎಲ್ ಅಂದರೆ ಎಷ್ಟು ಇಂಚು?

ಬಾಗಲಕೋಟೆ ನವನಗರದಲ್ಲಿ ಹೊಲಿಗೆ ಅಂಗಡಿ ನಡೆಸುವ ಮಹಿಳೆಯೊಬ್ಬರು ಮಹಿಳಾ ಮಂಡಳದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ.

ನನ್ನ ಅಂಗಡಿಗೆ ಈಗ ಹೊಸ ಬಟ್ಟೆ ಹೊಲಿಯುವ ಕೆಲಸ ಎಷ್ಟು ಬರುತ್ತದೋ, ಪಾರ್ಸಲ್‌ನಲ್ಲಿ ಬಂದ ಬಟ್ಟೆ ಸರಿಮಾಡುವ ಕೆಲಸವೂ ಅಷ್ಟೇ ಬರುತ್ತದೆ. ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಕ್ಕಾರ, ನನ್ನ ಸೈಜ್ ಎಲ್. ಯಾವಾಗಲೂ ಎಲ್ಲೇ ತಗೋತೀನಿ. ಇದೊಂದು ಯಾಕ ಬಗಲಾಗ ಹಿಡೀತೈತಿ?" ಅಂತ ಕೇಳುತ್ತಾರೆ. ಹಿಗ್ಗಿಸೋಣ ಎಂದು ಒಳಗೆ ತಿರುವಿ ನೋಡಿದರೆ ಹೊಲಿಗೆಯಾಚೆ ಅರ್ಧ ಇಂಚು ಬಟ್ಟೆಯೂ ಇರುವುದಿಲ್ಲ, ಅಂಚಿಗೆ ಓವರ್‌ಲಾಕ್ ಹೊಡೆದು ಕತ್ತರಿಸಿರುತ್ತಾರೆ. ದೊಡ್ಡದಿದ್ದರೆ ಹಿಡಿದುಕೊಡಬಹುದು, ಚಿಕ್ಕದನ್ನು ದೊಡ್ಡದು ಮಾಡಲು ನನ್ನ ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ಆರ್ಡರ್ ಒತ್ತುವ ಮೊದಲೇ ಏನು ನೋಡಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ನಮ್ಮಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಆದರೆ ಯಾರ ಮೊಣಕೈ? ಕೊಡುವವಳ ಕೈ ಉದ್ದವಿದ್ದರೆ ನಾಲ್ಕು ಹೂ ಹೆಚ್ಚು ಬರುತ್ತವೆ, ಗಿಡ್ಡ ಕೈಯಾದರೆ ನಾಲ್ಕು ಕಡಿಮೆ. ಇಬ್ಬರೂ ಒಂದು ಮೊಳವೇ ಕೊಟ್ಟಿರುತ್ತಾರೆ, ಯಾರೂ ಮೋಸ ಮಾಡಿಲ್ಲ. ಎಸ್, ಎಂ, ಎಲ್ ಅಕ್ಷರಗಳೂ ಹಾಗೆಯೇ. ಒಂದೊಂದು ಕಂಪನಿಗೆ ಒಂದೊಂದು ಮೊಳ. ಒಬ್ಬರ ಎಲ್ ಇನ್ನೊಬ್ಬರ ಎಂ ಆಗಿರಬಹುದು, ಮತ್ತೊಬ್ಬರ ಎಕ್ಸ್‌ಎಲ್ ಆಗಿರಬಹುದು. ಆದ್ದರಿಂದ "ನನ್ನ ಸೈಜ್ ಎಲ್" ಎನ್ನುವ ಮಾತನ್ನು ಬಿಟ್ಟು "ನನ್ನ ಎದೆ 37, ನಡ 32, ಸೀಟ್ 40" ಎಂದು ಹೇಳಲು ಕಲಿಯಬೇಕು. ಸೀಟ್ ಅಂದರೆ ನಾವು ಹೊಲಿಯುವವರ ಮಾತಿನಲ್ಲಿ ಹಿಪ್ಪಿನ ಅತಿ ಅಗಲದ ಸುತ್ತಳತೆ.

ಅಳತೆ ಗೊತ್ತಿದ್ದವರೂ ತಪ್ಪುತ್ತಾರೆ. ಯಾಕೆ ಅಂದರೆ ಚಾರ್ಟಿನಲ್ಲಿ 38 ಅಂತ ಬರೆದಿದ್ದರೆ ಅದು ಯಾವುದರ 38 ಎಂದು ಕೇಳಬೇಕು. ಅದು ಹಾಕಿಕೊಳ್ಳುವವರ ಮೈಯ ಅಳತೆಯೋ, ಬಟ್ಟೆಯ ಅಳತೆಯೋ? ಇವೆರಡೂ ಬೇರೆ ಬೇರೆ. ಮೈ 37 ಇದ್ದವರಿಗೆ ಕಾಟನ್ ಕುರ್ತಾ 37 ಹೊಲಿದರೆ ಉಸಿರು ಎಳೆದಾಗ ಗುಂಡಿ ಕೀಳುತ್ತದೆ. ಮೈಗಿಂತ ಬಟ್ಟೆ ಎಷ್ಟು ಹೆಚ್ಚಿರಬೇಕು ಎನ್ನುವುದನ್ನು ನಾವು ಲೂಸ್ ಅನ್ನುತ್ತೇವೆ. ನೇಯ್ದ ಬಟ್ಟೆಯ ಕುರ್ತಾಕ್ಕೆ ಎದೆಯಲ್ಲಿ 2ರಿಂದ 4 ಇಂಚು ಲೂಸ್ ಬೇಕು. ಟೀ ಶರ್ಟಿನ ಹೆಣೆದ ಬಟ್ಟೆ ತಾನೇ ಹಿಗ್ಗುವುದರಿಂದ ಲೂಸ್ ಇಲ್ಲದಿದ್ದರೂ ನಡೆಯುತ್ತದೆ, ಲೆಗಿಂಗ್ಸ್ ಅಂತೂ ಮೈಗಿಂತ ಕಡಿಮೆಯೇ ಇರುತ್ತದೆ. ಚಾರ್ಟು ಮೈಯ ಅಳತೆಯದಾದರೆ ಈ ಲೂಸನ್ನು ಕಂಪನಿಯವರೇ ಸೇರಿಸಿರುತ್ತಾರೆ. ಬಟ್ಟೆಯ ಅಳತೆಯದಾದರೆ ಸೇರಿಸಿಕೊಂಡು ನೋಡುವುದು ನಮ್ಮ ಕೆಲಸ. ನನ್ನ ಟೇಬಲ್ಲಿಗೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ನಮ್ಮ ಓಣಿಯ ಒಬ್ಬ ಹುಡುಗಿಯ ಲೆಕ್ಕವನ್ನೇ ಹೇಳುತ್ತೇನೆ. ಬಿ.ಕಾಂ. ಓದುತ್ತಾಳೆ. ಅಕ್ಕನ ಮದುವೆ ಹತ್ತಿರ ಬಂದಿತ್ತು, ಒಂದು ಕುರ್ತಾ ತರಿಸಿದ್ದಳು. "ಕಾಕೂ, ಚಾರ್ಟ್ ನೋಡೇ ತಗೊಂಡೀನ್ರಿ. ಎಂ ಅಂದರ 38 ಐತಿ, ನಂದು 37, ಒಂದು ಇಂಚು ಜಾಸ್ತಿನೇ ಐತಿ. ಆದರೂ ಕೈ ಮೇಲೆ ಎತ್ತಾಕ ಬರವಲ್ದು" ಅಂದಳು. ಆ ಕುರ್ತಾವನ್ನು ಚಾಪೆಯ ಮೇಲೆ ಹಾಸಿ ಬಗಲಿಂದ ಬಗಲಿಗೆ ಟೇಪ್ ಇಟ್ಟೆ. 19 ಇಂಚು ಬಂತು. ಎರಡು ಪಟ್ಟು ಮಾಡಿದರೆ 38. ಅಂದರೆ ಚಾರ್ಟಿನ 38 ಬಟ್ಟೆಯದಾಗಿತ್ತು. ಅವಳ ಮೈ 37, ಲೂಸ್ ಬರೀ ಒಂದು ಇಂಚು. ಹಿಗ್ಗದ ಕಾಟನ್ನಿಗೆ ಅಷ್ಟು ಸಾಲದು.

ಆ ದಿನ ಅವಳಿಗೆ ಒಂದು ಕೆಲಸ ಹೇಳಿದೆ. "ನಿನ್ನ ಕಪಾಟಿನಾಗ ಹಾಕ್ಕೊಂಡರ ಚೊಲೋ ಕೂಡುವ ಕುರ್ತಾ ಒಂದು ಇದ್ದೇ ಇರ್ತೈತಿ. ಅದನ್ನ ತಗೊಂಬಾ" ಅಂದೆ. ನೀಲಿ ಕಾಟನ್ ಕುರ್ತಾ ತಂದಳು, ಎರಡು ವರ್ಷದಿಂದ ಹಾಕುತ್ತಿದ್ದಳಂತೆ. ಗುಂಡಿ ಹಾಕಿ, ಚಾಪೆಯ ಮೇಲೆ ಹಾಸಿ, ಕೈಯಿಂದ ಸುಕ್ಕು ಸವರಿದೆವು, ಎಳೆಯಲಿಲ್ಲ. ಬಗಲಿನ ಹೊಲಿಗೆಯಿಂದ ಒಂದು ಇಂಚು ಕೆಳಗೆ ಟೇಪ್ ಅಡ್ಡ ಇಟ್ಟರೆ 20 ಇಂಚು, ಎರಡು ಪಟ್ಟು 40. ಸೀಟಿನ ಹತ್ತಿರ, ಬದಿಯ ಸ್ಲಿಟ್ ಶುರುವಾಗುವ ಜಾಗದಲ್ಲಿ 21.5, ಅಂದರೆ ಸುತ್ತ 43. ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಗೆ 14.5. ಭುಜದ ಅಳತೆಯನ್ನು ಎರಡು ಪಟ್ಟು ಮಾಡಬಾರದು, ಅದು ಅಡ್ಡ ಅಳತೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದೆವು. ಮೈ 37, ಬಟ್ಟೆ 40, ಲೂಸ್ 3. ಸೀಟ್ 40, ಬಟ್ಟೆ 43, ಅಲ್ಲಿಯೂ ಲೂಸ್ 3. ಅವಳ ಮೈಗೆ ಹಿತವಾಗುವ ಲೂಸ್ ಎಷ್ಟೆಂದು ಈಗ ಅಂಕಿಯಲ್ಲಿ ಸಿಕ್ಕಿತು. ಇದನ್ನು ಯಾವ ಕಂಪನಿಯ ಚಾರ್ಟೂ ಹೇಳುವುದಿಲ್ಲ, ನಿಮ್ಮ ಕಪಾಟೇ ಹೇಳಬೇಕು.

ಟೇಪಿನ ಬಗ್ಗೆ ಒಂದು ಮಾತು. ಮನೆಯಲ್ಲಿರುವ ಹಳೆಯ ಟೇಪ್ ವರ್ಷಾನುಗಟ್ಟಲೆ ಎಳೆದೆಳೆದು ಉದ್ದವಾಗಿರುತ್ತದೆ, ಇಲ್ಲವೇ ತುದಿಯ ತಗಡು ಕಿತ್ತುಹೋಗಿ ಅಲ್ಲಿ ಕಾಲು ಇಂಚು ಸವೆದಿರುತ್ತದೆ. ಮಕ್ಕಳ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಹೊಸದು ತನ್ನಿ. ಮೈ ಅಳೆಯುವಾಗ ದಪ್ಪ ಬಟ್ಟೆಯ ಮೇಲೆ ಅಳೆಯಬೇಡಿ, ಉಸಿರು ಬಿಗಿ ಹಿಡಿಯಬೇಡಿ, ಟೇಪ್ ಬೆನ್ನಿನ ಕಡೆ ಜಾರದಂತೆ ಇನ್ನೊಬ್ಬರಿಗೆ ಹಿಡಿಯಲು ಹೇಳಿ. ಒಬ್ಬರೇ ಅಳೆದುಕೊಂಡಾಗ ಟೇಪ್ ಹಿಂದೆ ಇಳಿದು ಒಂದು ಇಂಚು ಹೆಚ್ಚುಕಡಿಮೆ ಆಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಇನ್ನು ಚಾರ್ಟಿನಲ್ಲಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಎಂದು ತಿಳಿಯುವುದು ಹೇಗೆ? ಕೆಲವರು ನೇರವಾಗಿ ಬರೆದಿರುತ್ತಾರೆ. "To Fit Bust" ಅಥವಾ "Body Measurements" ಅಂತ ಇದ್ದರೆ ಮೈಯದು. "Garment Measurements" ಅಂತ ಇದ್ದರೆ ಬಟ್ಟೆಯದು. ಕೆಲವು ಆ್ಯಪ್‌ಗಳಲ್ಲಿ ಒಂದೇ ಚಾರ್ಟಿನಲ್ಲಿ ಎರಡೂ ಕಾಲಂ ಅಕ್ಕಪಕ್ಕ ಇರುತ್ತವೆ, ಅದು ಒಳ್ಳೆಯದು. ಎಡಕ್ಕೆ ಸರಿಸಿದರೆ ಮಾತ್ರ ಎರಡನೆಯದು ಕಾಣುತ್ತದೆ, ಸರಿಸಿ ನೋಡಿ. ಏನೂ ಬರೆಯದಿದ್ದರೆ ಮೂರು ಗುರುತು ನೋಡುತ್ತೇನೆ.

ಮೊದಲನೆಯ ಗುರುತು ಎದೆಗೂ ನಡಕ್ಕೂ ಇರುವ ಅಂತರ. ನಮ್ಮ ಮೈಯಲ್ಲಿ ನಡ ಎದೆಗಿಂತ 5, 6 ಇಂಚು ಕಡಿಮೆ ಇರುವುದು ಸಾಮಾನ್ಯ. ಚಾರ್ಟಿನಲ್ಲಿ ಎದೆ 36, ನಡ 30, ಸೀಟ್ 39 ಅಂತ ಇದ್ದರೆ ಅದು ಮೈಯ ಅಳತೆ. ನೇರ ಕಟ್ಟಿನ ಕುರ್ತಾಕ್ಕೆ ನಡವನ್ನು ಅಷ್ಟು ಒಳಗೆ ಹಿಡಿಯುವುದಿಲ್ಲ. ಎದೆ 38, ನಡ 36, ಸೀಟ್ 41 ಅಂತ ಇದ್ದರೆ ಅದು ಬಟ್ಟೆಯದೇ. ಎರಡನೆಯ ಗುರುತು, ಎದೆಯ ಕಾಲಂನಲ್ಲಿ 18, 19, 20 ಎಂದು ಸಣ್ಣ ಅಂಕಿಗಳಿದ್ದರೆ ಅದು ಹಾಸಿ ಅಳೆದ ಅರ್ಧ ಅಳತೆ, ಎರಡು ಪಟ್ಟು ಮಾಡಿಕೊಳ್ಳಬೇಕು. ಟೀ ಶರ್ಟಿನವರು ಹೀಗೆ ಕೊಡುವುದು ಹೆಚ್ಚು. ಮೂರನೆಯದು, ಉದ್ದ, ತೋಳು, ಭುಜದ ಕಾಲಂ ಇದ್ದರೆ ಆ ಮೂರು ಬಟ್ಟೆಯವೇ. ಆದರೆ ಅವು ಇವೆ ಎಂದ ಮಾತ್ರಕ್ಕೆ ಎದೆಯ ಕಾಲಂ ಕೂಡ ಬಟ್ಟೆಯದು ಅಂತ ತಿಳಿಯಬೇಡಿ. ಎದೆ ಮೈಯದು, ಉದ್ದ ಬಟ್ಟೆಯದು ಅಂತ ಬೆರೆಸಿ ಹಾಕಿದ ಚಾರ್ಟುಗಳನ್ನು ನಾನೇ ನೋಡಿದ್ದೇನೆ. ಆಗ ಮೊದಲನೆಯ ಗುರುತೇ ಗತಿ.

ಆ ಹುಡುಗಿ ಮೊದಲಿನ ಕುರ್ತಾ ಹಿಂದಿರುಗಿಸಿ, ಚೀಟಿ ಇಟ್ಟುಕೊಂಡು ಮೂರು ಕಡೆ ನೋಡಿದಳು. ನಾನೂ ಪಕ್ಕದಲ್ಲೇ ಕೂತಿದ್ದೆ. ಮೊದಲನೆಯ ಕಡೆ ಬಟ್ಟೆಯ ಅಳತೆ, ಎಂ 38, ಎಲ್ 40, ಎಕ್ಸ್‌ಎಲ್ 42. ಅವಳ ಚೀಟಿಯ 40 ನೇರವಾಗಿ ಎಲ್ ಸೈಜಿಗೆ ಹೊಂದಿತು. ಎರಡನೆಯ ಕಡೆ ಮೈಯ ಅಳತೆ, ಎಂ 36, ಎಲ್ 38. ಇಲ್ಲಿ 40 ಹುಡುಕಿದರೆ ಎಕ್ಸ್‌ಎಲ್ ಆಗುತ್ತದೆ, ಜೋಲಾಡುತ್ತದೆ. ಇಲ್ಲಿ ನೋಡಬೇಕಾದದ್ದು ಮೈಯ 37. ಅದು ಎಂ ಮತ್ತು ಎಲ್ ನಡುವೆ ಬರುತ್ತದೆ. ನೇಯ್ದ ಬಟ್ಟೆಯಾದರೆ ಮೇಲಿನದು, ಹಿಗ್ಗುವ ಬಟ್ಟೆಯಾದರೆ ಕೆಳಗಿನದು ಎನ್ನುವುದು ನನ್ನ ರೂಢಿ. ಕಾಟನ್ ಇತ್ತು, ಎಲ್ ಅಂದೆ. ಎರಡೂ ಕಡೆ ಎಲ್ ಸೈಜೇ ಬಂತು ನಿಜ, ಆದರೆ ಮೊದಲನೆಯ ಎಲ್ ಅಂದರೆ 40 ಇಂಚಿನ ಬಟ್ಟೆ, ಎರಡನೆಯ ಎಲ್ ಅಂದರೆ 38 ಇಂಚಿನ ಮೈ. ಅದಕ್ಕೆ ಲೂಸ್ ಸೇರಿ ಬಟ್ಟೆ 41 ಆಗಿರಬಹುದು, 42 ಆಗಿರಬಹುದು.

ಮೂರನೆಯದು ಹೊರದೇಶದ ಕಂಪನಿ. ಅಲ್ಲಿ ಅಕ್ಷರವೂ ಇಲ್ಲ, ಇಂಚೂ ಇಲ್ಲ. 38, 40, 42 ಎಂಬ ಅಂಕಿಗಳು, ಪಕ್ಕದಲ್ಲಿ ಸೆಂಟಿಮೀಟರ್. 38 ನೋಡಿದ ಕೂಡಲೇ "ಎಂ ಇರಬೇಕು ಕಾಕೂ" ಅಂದಳು. ನಮ್ಮಲ್ಲಿ 38 ಅಂದರೆ ಇಂಚು, ಅಲ್ಲಿಯ 38 ಇಂಚಲ್ಲ, ಬರೀ ಸೈಜಿನ ನಂಬರು. ಅದಕ್ಕೂ ಟೇಪಿಗೂ ನೇರ ಸಂಬಂಧವಿಲ್ಲ. ಅಲ್ಲಿ 38ರ ಮುಂದೆ ಎದೆ 88 ಸೆಂ.ಮೀ., 40ರ ಮುಂದೆ 92, 42ರ ಮುಂದೆ 96 ಎಂದಿತ್ತು. ಅವಳ 37 ಇಂಚನ್ನು ಸೆಂಟಿಮೀಟರ್ ಮಾಡಿದೆವು. 37ನ್ನು 2.54ರಿಂದ ಗುಣಿಸಿದರೆ 94. ಇದು 40ಕ್ಕೂ 42ಕ್ಕೂ ನಟ್ಟ ನಡುವೆ. ಅಂಗಿ ನೇಯ್ದ ಬಟ್ಟೆಯದು, ಹಾಗಾಗಿ 42. ನಡ 32 ಇಂಚು ಅಂದರೆ 81 ಸೆಂ.ಮೀ., ಚಾರ್ಟಿನಲ್ಲಿ 42ಕ್ಕೆ 80 ಇತ್ತು. ಒಂದು ಸೆಂಟಿಮೀಟರ್ ವ್ಯತ್ಯಾಸವನ್ನು ಲೂಸ್ ನುಂಗುತ್ತದೆ. 38ನ್ನೇ ಒತ್ತಿದ್ದರೆ 88 ಸೆಂ.ಮೀ. ಮೈಗೆ ಹೊಲಿದ, ಅಂದರೆ ಸುಮಾರು 34 ಮುಕ್ಕಾಲು ಇಂಚಿನವರ ಅಂಗಿ ಮನೆಗೆ ಬರುತ್ತಿತ್ತು.

ಗುಣಿಸುವಾಗ ಎರಡೂವರೆಯಿಂದ ಗುಣಿಸಬೇಡಿ. 40 ಇಂಚಿಗೆ ಎರಡೂವರೆ ಹಿಡಿದರೆ 100, ಸರಿಯಾಗಿ 2.54 ಹಿಡಿದರೆ 101.6. ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ. ನಾಲ್ಕು ಇಂಚಿಗೆ ಹತ್ತು ಸೆಂಟಿಮೀಟರ್ ಎಂದು ಬಾಯಿಲೆಕ್ಕ ಮಾಡಿ, 40ರ ಆಸುಪಾಸಿನ ಅಳತೆಗೆ ಕೊನೆಯಲ್ಲಿ ಒಂದೂವರೆ ಸೇರಿಸಿದರೂ ಸಾಕು. ಕೆಲವು ಮಾರಾಟಗಾರರೇ ಈ ತಪ್ಪು ಮಾಡುತ್ತಾರೆ. ಚಾರ್ಟಿನಲ್ಲಿ 36 ಅಂದರೆ 90, 38 ಅಂದರೆ 95, 40 ಅಂದರೆ 100 ಎಂದು ಅಚ್ಚುಕಟ್ಟಾಗಿ ಐದೈದು ಏರುತ್ತಿದ್ದರೆ ಎರಡೂವರೆಯಿಂದ ಗುಣಿಸಿದ್ದಾರೆ ಎಂದೇ ಅರ್ಥ. ನಿಜವಾದ ಲೆಕ್ಕ 91, 97, 102 ಎಂದು ಬರಬೇಕು. ಅಂಥ ಕಡೆ ಇಂಚಿನ ಕಾಲಂ ನಂಬಿ, ಸೆಂಟಿಮೀಟರಿನದನ್ನು ಬಿಟ್ಟುಬಿಡಿ.

ಈಗ ಬಹಳ ಜನ ಕೇಳುವ ಪ್ರಶ್ನೆ. ಯುಕೆ, ಯುಎಸ್, ಯುರೋಪ್ ಅಂತ ಮೂರು ಸಾಲು ಇರುತ್ತವಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಹೆಂಗಸರ ಬಟ್ಟೆಯಲ್ಲಿ ಯುಕೆ ನಂಬರಿನಲ್ಲಿ 4 ಕಳೆದರೆ ಯುಎಸ್ ನಂಬರು ಬರುತ್ತದೆ. ಯುಕೆ 12 ಅಂದರೆ ಯುಎಸ್ 8. ಇಲ್ಲಿಯವರೆಗೆ ಸುಲಭ. ಯುರೋಪ್ ಬಂದಾಗ ತೊಡಕು ಶುರುವಾಗುತ್ತದೆ, ಯಾಕೆಂದರೆ ಅಲ್ಲಿ ಒಂದೇ ಪದ್ಧತಿ ಇಲ್ಲ. ಜರ್ಮನಿಯವರು 38 ಎನ್ನುವುದನ್ನು ಫ್ರಾನ್ಸಿನವರು 40 ಎನ್ನುತ್ತಾರೆ, ಇಟಲಿಯವರು 44 ಎನ್ನುತ್ತಾರೆ. ಮೂರೂ ಒಬ್ಬಳೇ ಹೆಂಗಸಿನ ಅಂಗಿ. ಹಾಗಾಗಿ ಒಂದು ಕಂಪನಿ ಯುಕೆ 12ರ ಮುಂದೆ ಯುರೋಪ್ 38 ಎಂದು ಬರೆದರೆ ಇನ್ನೊಂದು 40 ಎಂದು ಬರೆಯುತ್ತದೆ, ಇಬ್ಬರೂ ತಮ್ಮ ತಮ್ಮ ದೇಶದ ಲೆಕ್ಕದಲ್ಲಿ ಸರಿ. ಫೋನಿನಲ್ಲಿ ಎಲ್ಲಿಂದಲೋ ತೆಗೆದ ಪಟ್ಟಿ ಹಿಡಿದು ನಂಬರಿನಿಂದ ನಂಬರಿಗೆ ಹಾರಿದರೆ ಒಂದು ಸೈಜ್ ತಪ್ಪುವುದು ಹೀಗೆ. ನಂಬರಿನಿಂದ ಸೆಂಟಿಮೀಟರಿಗೆ ಬನ್ನಿ, ಸೆಂಟಿಮೀಟರಿನಿಂದ ಇನ್ನೊಂದು ಕಂಪನಿಯ ನಂಬರಿಗೆ ಹೋಗಿ. ನಡುವೆ ಅಳತೆ ಇರಲೇಬೇಕು.

ನಂಬರುಗಳು ಒಂದೇ ಕಡೆ ನಿಂತೂ ಇಲ್ಲ. ಅಮೆರಿಕದಲ್ಲಿ 1939–40ರಲ್ಲಿ ಸರ್ಕಾರವೇ ಸುಮಾರು 15 ಸಾವಿರ ಹೆಂಗಸರ ಅಳತೆ ತೆಗೆಸಿತು. ಅದನ್ನು ಆಧರಿಸಿ 1958ರಲ್ಲಿ ಹೆಂಗಸರ ಸೈಜುಗಳ ಪಟ್ಟಿ ಹೊರಬಂತು. ಅದರಲ್ಲಿ 8ನೇ ನಂಬರು ಅಂದರೆ ಎದೆ 31 ಇಂಚು. ಇವತ್ತು ಅದೇ 8 ಅಂದರೆ 36ರ ಆಸುಪಾಸು. ಕೊಳ್ಳುವವರಿಗೆ ಸಣ್ಣ ನಂಬರು ಹಿತ ಎಂದು ಕಂಪನಿಗಳು ಬಟ್ಟೆ ದೊಡ್ಡದು ಮಾಡುತ್ತ ನಂಬರು ಮಾತ್ರ ಹಾಗೆಯೇ ಇಟ್ಟವು. ಆ ಸರ್ಕಾರಿ ಪಟ್ಟಿಯನ್ನು 1983ರಲ್ಲಿ ಕೈಬಿಟ್ಟರು. ನಮ್ಮ ದೇಶದ ಮೈಕಟ್ಟಿಗೆ ನಮ್ಮದೇ ಪಟ್ಟಿ ಬೇಕು ಎಂದು ಫ್ಯಾಷನ್ ಶಿಕ್ಷಣದ ನಿಫ್ಟ್ ಸಂಸ್ಥೆಯವರು ಆರು ನಗರಗಳಲ್ಲಿ 25 ಸಾವಿರ ಜನರನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಇಂಡಿಯಾ ಸೈಜ್ ಕೆಲಸ ಕೈಗೆತ್ತಿಕೊಂಡರು. ಇದು ಆಗಲೇಬೇಕಾದ ಕೆಲಸ ಎಂದು ನಾನು ನಂಬಿದ್ದೇನೆ. ನಮ್ಮ ಹೆಣ್ಣುಮಕ್ಕಳಿಗೆ ಎದೆಗೆ ಸರಿಯಾದ ಅಂಗಿ ಭುಜದಲ್ಲಿ ಜಾರುವುದನ್ನು ದಿನವೂ ನೋಡುತ್ತೇನೆ. ಆದರೆ ನಾವು ಫೋನಿನಲ್ಲಿ ನೋಡುವ ಚಾರ್ಟುಗಳು ಇನ್ನೂ ಆಯಾ ಕಂಪನಿಯವೇ.

ಹೊರದೇಶದ ಬಟ್ಟೆ ಮನೆಯಲ್ಲಿ ಒಂದಾದರೂ ಇದ್ದವರಿಗೆ ಒಂದು ಉಪಾಯ ಹೇಳುತ್ತೇನೆ. ಕುತ್ತಿಗೆಯ ಹತ್ತಿರದ ಅಥವಾ ಒಳಬದಿಯ ಹೊಲಿಗೆಯಲ್ಲಿರುವ ಲೇಬಲ್ ನೋಡಿ. EUR, US, MEX ಎಂದು ಸಾಲುಸಾಲಾಗಿ ಇರುತ್ತದೆ. ಅದರಲ್ಲಿ CN ಎನ್ನುವ ಸಾಲು ಇದ್ದರೆ ಅದರ ಮುಂದೆ `165/92A` ಎಂಬಂಥ ಬರಹ ಇರುತ್ತದೆ. ಇದು ಚೀನಾದ ಪದ್ಧತಿ. 165 ಅಂದರೆ ಹಾಕುವವರ ಎತ್ತರ, ಸೆಂಟಿಮೀಟರಿನಲ್ಲಿ. 92 ಅಂದರೆ ಮೈಯ ಎದೆ ಸುತ್ತಳತೆ. ಕೊನೆಯ A ಎದೆಗೂ ನಡಕ್ಕೂ ಇರುವ ಅಂತರವನ್ನು ಹೇಳುವ ಮೈಕಟ್ಟಿನ ಗುರುತು, A ಅಂದರೆ ಸಾಮಾನ್ಯ ಮೈಕಟ್ಟು. ಪ್ಯಾಂಟಿನ ಮೇಲೆ ಇದ್ದರೆ ಎರಡನೆಯ ಅಂಕಿ ಎದೆಯದಲ್ಲ, ನಡದ್ದು. ಬೇರೆ ಸಾಲುಗಳು ಬರೀ ನಂಬರು ಹೇಳುತ್ತವೆ, ಈ ಒಂದು ಸಾಲು ಮಾತ್ರ ಈ ಅಂಗಿಯನ್ನು ಎಂಥ ಮೈಗೆ ಹೊಲಿದಿದ್ದೇವೆ ಎಂದು ನೇರವಾಗಿ ಹೇಳುತ್ತದೆ. ಆ ಅಂಗಿ ನಿಮಗೆ ಚೆನ್ನಾಗಿ ಕೂತಿದ್ದರೆ ಆ ಕಂಪನಿಯಲ್ಲಿ ನಿಮ್ಮ ಲೆಕ್ಕ ಮುಗಿಯಿತು.

ನಮ್ಮ ದೇಶದ ರೆಡಿಮೇಡ್ ಬಟ್ಟೆಯ ಟ್ಯಾಗಿನ ಮೇಲೂ ಅಕ್ಷರದ ಜೊತೆ ಸೆಂಟಿಮೀಟರಿನ ಅಳತೆ ಇರಬೇಕು ಎಂದು ನಿಯಮವಿದೆ. ಬೆಲೆ ಬರೆದ ಕಡೆಯೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆದರೆ ಅದು ಮೈಯದೋ ಬಟ್ಟೆಯದೋ ಎಂದು ಬಹಳ ಟ್ಯಾಗುಗಳು ಹೇಳುವುದಿಲ್ಲ, ನೀವೇ ಹಾಸಿ ಅಳೆದು ಹೋಲಿಸಿ ನೋಡಬೇಕು.

ಗಂಡಸರ ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಅವರ ಆರ್ಡರ್ ಹಾಕುವವರೂ ನಾವೇ. ಫಾರ್ಮಲ್ ಶರ್ಟಿನಲ್ಲಿ 38, 39, 40, 42, 44 ಎಂದು ಬರೆದಿದ್ದರೆ ಬಹಳ ಕಂಪನಿಗಳಲ್ಲಿ ಅದು ಕಾಲರಿನ ಅಳತೆ, ಸೆಂಟಿಮೀಟರಿನಲ್ಲಿ. ಎದೆಯ ಇಂಚು ಅಲ್ಲ. ಸಾಲಿನಲ್ಲಿ 39 ಇರುವುದೇ ಗುರುತು, ಎದೆಯ ಲೆಕ್ಕವಾಗಿದ್ದರೆ ಎರಡೆರಡು ಇಂಚು ಏರುತ್ತಿತ್ತು. ಕುತ್ತಿಗೆ ಅಳೆದು ಟೇಪಿನೊಳಗೆ ಎರಡು ಬೆರಳು ಇಟ್ಟುಕೊಂಡು ಸೆಂಟಿಮೀಟರ್ ಓದಿ. ಜೀನ್ಸ್‌ನಲ್ಲಿ 32 ಎಂದು ಬರೆದದ್ದು ಸೊಂಟದ ಪಟ್ಟಿಯಲ್ಲಿ ಹಾಸಿ ಅಳೆದರೆ 17, ಅಂದರೆ 34 ಬರುವುದು ಅಪರೂಪವಲ್ಲ, ಆದ್ದರಿಂದ ಹೊಟ್ಟೆಯ ಮೇಲೆ ಟೇಪ್ ಸುತ್ತಿ ಬಂದ ಅಂಕಿಯನ್ನು ಒತ್ತಬೇಡಿ, ಹೊಂದುವ ಹಳೆಯ ಜೀನ್ಸ್ ಅಳೆದು ಚಾರ್ಟಿನ ಬಟ್ಟೆಯ ಅಳತೆಗೆ ಹೋಲಿಸಿ. ಕೋಟಿನಲ್ಲಿ ಯುರೋಪಿನ ನಂಬರು ಅಂದರೆ ಎದೆ ಸುತ್ತಳತೆಯ ಅರ್ಧ, ಸೆಂಟಿಮೀಟರಿನಲ್ಲಿ. ಎದೆ 100 ಸೆಂ.ಮೀ. ಇದ್ದರೆ ನಂಬರು 50. ಅದೇ ಎದೆ ಇಂಚಿನಲ್ಲಿ 40ರ ಹತ್ತಿರ. ಹಾಗಾಗಿ ಯುರೋಪಿನ ನಂಬರಿನಲ್ಲಿ 10 ಕಳೆದರೆ ನಮ್ಮ ಇಂಚಿನ ನಂಬರು ಬರುತ್ತದೆ. 46, 48, 50, 52ರವರೆಗೆ ಇದು ಚೆನ್ನಾಗಿ ಹೊಂದುತ್ತದೆ. ತೀರ ದೊಡ್ಡ ಸೈಜುಗಳಿಗೆ ಟೇಪ್ ಹಿಡಿಯುವುದೇ ಮೇಲು.

ಎಲ್ಲ ಸರಿ ನೋಡಿ ತರಿಸಿದರೂ ಬಂದ ಬಟ್ಟೆ ಚಾರ್ಟಿಗೆ ಅರ್ಧ ಇಂಚು ಹೆಚ್ಚುಕಡಿಮೆ ಇರಬಹುದು. ಕಾರ್ಖಾನೆಯಲ್ಲಿ ಹತ್ತಾರು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸುತ್ತಾರೆ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಕತ್ತರಿ ಸ್ವಲ್ಪ ಜರುಗುತ್ತದೆ. ಅಷ್ಟನ್ನು ಅವರು ತಪ್ಪೆಂದು ಎಣಿಸುವುದಿಲ್ಲ. ಒಂದು ಸೈಜಿಗೂ ಮುಂದಿನ ಸೈಜಿಗೂ ಎರಡು ಇಂಚು ಅಂತರ ಎಂದರೆ, ಅರ್ಧ ಇಂಚು ಕಡಿಮೆ ಬಂದ ಎಲ್ ಸೈಜಿಗೂ ಅರ್ಧ ಇಂಚು ಹೆಚ್ಚು ಬಂದ ಎಂ ಸೈಜಿಗೂ ಉಳಿಯುವ ಅಂತರ ಒಂದೇ ಇಂಚು. ಆಮೇಲೆ ಕಾಟನ್ ಕುಗ್ಗುವುದೂ ಇದೆ. ಮೊದಲೇ ಕುಗ್ಗಿಸದ ಕಾಟನ್ ಮೊದಲನೆಯ ಒಗೆತಕ್ಕೆ ನೂರಕ್ಕೆ ಮೂರರಷ್ಟು ಹೋದರೂ 40 ಇಂಚಿನಲ್ಲಿ ಒಂದು ಇಂಚಿಗಿಂತ ಹೆಚ್ಚೇ ಹೋಯಿತು. ಈ ಎರಡೂ ಒಂದೇ ದಿಕ್ಕಿನಲ್ಲಿ ಬಿದ್ದರೆ ಮೂರು ಇಂಚಿನ ಲೂಸ್ ಒಂದೂವರೆಗಿಂತ ಕೆಳಗೆ ಇಳಿಯುತ್ತದೆ. ಅದಕ್ಕೇ ಎರಡು ಸೈಜಿನ ನಡುವೆ ಬಂದಾಗ ಕಾಟನ್ನಿನಲ್ಲಿ ಮೇಲಿನದನ್ನು ತೆಗೆದುಕೊಳ್ಳಿ ಎನ್ನುವುದು.

ಪಾರ್ಸಲ್ ಬಂದ ಕೂಡಲೇ ಹಾಕಿಕೊಂಡು ನೋಡುವ ಆತುರ ಎಲ್ಲರಿಗೂ. ಅದಕ್ಕೆ ಮೊದಲು ಟ್ಯಾಗ್ ಕೀಳದೆ ಚಾಪೆಯ ಮೇಲೆ ಹಾಸಿ ಬಗಲು, ಸೀಟ್, ಭುಜ ಮೂರು ಅಳೆಯಿರಿ. ಚೀಟಿಯ ಪಕ್ಕ ಬರೆಯಿರಿ. ಭುಜ ಒಂದು ಇಂಚಿಗಿಂತ ಹೆಚ್ಚು ತಪ್ಪಿದ್ದರೆ ಇಟ್ಟುಕೊಳ್ಳಬೇಡಿ, ಹಿಂದಿರುಗಿಸಿ. ಬದಿಯನ್ನು ನಾನು ಹತ್ತು ನಿಮಿಷದಲ್ಲಿ ಹಿಡಿದುಕೊಡುತ್ತೇನೆ. ಭುಜ ಸರಿಮಾಡಲು ತೋಳು ಬಿಚ್ಚಬೇಕು, ಬಗಲಿನ ಸುತ್ತು ಮತ್ತೆ ಕತ್ತರಿಸಬೇಕು, ತೋಳನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. ಮಾಡಿದರೂ ಮೊದಲಿನ ಕೂರುವಿಕೆ ಬರುವುದಿಲ್ಲ. ಎದೆಯೋ ಭುಜವೋ ಎಂದು ಆರಿಸಬೇಕಾಗಿ ಬಂದರೆ, ಎದೆ ಬಿಗಿಯಾಗದಿರುವವರೆಗೆ ನಾನು ಭುಜ ಸರಿಯಿರುವ ಸೈಜನ್ನೇ ಹಿಡಿಯುತ್ತೇನೆ.

ಆ ಹುಡುಗಿ ಕೊನೆಗೆ ಎರಡನೆಯ ಕಡೆಯ ಎಲ್ ತರಿಸಿದಳು. ಹಾಸಿ ಅಳೆದರೆ ಬಗಲಿಗೆ 20.5, ಸುತ್ತ 41, ಭುಜ 14.5. ಚೀಟಿಗಿಂತ ಒಂದು ಇಂಚು ಹೆಚ್ಚು. ಅವಳ ಅವ್ವ "ಹಿಡಿದುಕೊಡ್ರಿ, ದೊಡ್ಡದಾಗೈತಿ" ಅಂದರು. ನಾನು ಹಿಡಿಯಲಿಲ್ಲ, ತಣ್ಣೀರಿನಲ್ಲಿ ಒಂದು ಒಗೆತ ಆಗಲಿ ಎಂದೆ. ಒಣಗಿಸಿ ತಂದಾಗ 20ಕ್ಕೆ ಇಳಿದಿತ್ತು, ನೀಲಿ ಕುರ್ತಾದಷ್ಟೇ.

ಇಲ್ಲಿ ಮುಂದೆ ಕೂತ ಹಿರಿಯರೊಬ್ಬರು ಕೇಳುತ್ತಿದ್ದಾರೆ, ರೆಡಿಮೇಡ್ ಜಂಪರಿಗೂ, ಅಂದರೆ ಸೀರೆಯ ಬ್ಲೌಸಿಗೂ, ಇದೇ ಲೆಕ್ಕವೇ ಅಂತ. ಅಲ್ಲ, ಜಂಪರಿನ ಲೆಕ್ಕ ಬೇರೆ. ಅದು ಮೈಗೆ ಅಂಟಿ ಕೂರಬೇಕು, ಲೂಸ್ ಒಂದು, ಒಂದೂವರೆ ಇಂಚಿಗಿಂತ ಹೆಚ್ಚಾದರೆ ಕೆಡುತ್ತದೆ. ಅಷ್ಟು ಬಿಗಿಯಾದದ್ದನ್ನು ಎಲ್ಲರ ಮೈಗೂ ಹೊಂದಿಸಲು ಆಗದು ಎಂದು ಗೊತ್ತಿದ್ದೇ ಬಹಳ ಜನ ತಯಾರಕರು ಒಳಗೆ ಬದಿಯಲ್ಲಿ ಮಾರ್ಜಿನ್ ಬಿಟ್ಟಿರುತ್ತಾರೆ. 38ರ ಜಂಪರ್, 42ರವರೆಗೆ ಬಿಚ್ಚಿಕೊಳ್ಳಬಹುದು ಎಂದು ವಿವರದಲ್ಲೇ ಬರೆದಿರುತ್ತಾರೆ. ಕುರ್ತಾದಲ್ಲಿ ಸಿಗದ ಸೌಕರ್ಯ ಇಲ್ಲಿ ಸಿಗುತ್ತದೆ. ಆದರೆ ಆ ಮಾರ್ಜಿನ್ ಇರುವುದು ಬದಿಯಲ್ಲಿ ಮಾತ್ರ. ಭುಜ, ಕುತ್ತಿಗೆಯ ಆಳ, ಎದೆಯ ಹತ್ತಿರ ಬಟ್ಟೆ ಮಡಿಸಿ ಹಿಡಿದ ಡಾರ್ಟಿನ ತುದಿ ಇವೆಲ್ಲ 38ರವರ ಮೈಗೇ ಕತ್ತರಿಸಿದವು. 42ರ ಮೈಗೆ ಬದಿ ಬಿಚ್ಚಿದರೆ ಎದೆ ಹಿಡಿಸುತ್ತದೆ, ಡಾರ್ಟ್ ಮಾತ್ರ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ನಿಮ್ಮ ಅಳತೆ 40 ಆದರೆ 38 ತರಿಸಿ ಬಿಚ್ಚುವುದಕ್ಕಿಂತ 40 ಇದ್ದರೆ ಅದನ್ನೇ ತರಿಸಿ. ಒಂದೇ ಹೊಲಿಗೆ ಬಿಚ್ಚುವಷ್ಟು ವ್ಯತ್ಯಾಸವಿದ್ದರೆ ತನ್ನಿ, ಕೂತಲ್ಲೇ ಬಿಚ್ಚಿಕೊಡುತ್ತೇನೆ.